"ನಾವು ಹೋದರು": ಒಂದು ವಾಕ್ಯದ ತಪ್ಪು ಹುಡುಕುವ ಸ್ಕ್ರಿಪ್ಟ್ ಕಟ್ಟಿದ ಕತೆ

ಅಕ್ಕ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಅವಳ ತರಗತಿಯ ಮಕ್ಕಳು ದಿನಾ ಸಂಜೆ ಅಪ್ಪನದ್ದೋ ಅಮ್ಮನದ್ದೋ ಫೋನಿನಲ್ಲಿ ಒಂದೊಂದು ವಾಕ್ಯ ಟೈಪ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕು. ಯೋಚನೆ ಒಳ್ಳೆಯದೇ, ಆದರೆ ಮೂವತ್ತು ವಾಕ್ಯ ಓದಿ, ಒಂದೊಂದಕ್ಕೂ ತಪ್ಪು ಬರೆದು, ಸರಿರೂಪ ಬರೆದು ವಾಪಸ್ ಕಳಿಸುವಷ್ಟರಲ್ಲಿ ರಾತ್ರಿ ಊಟ ತಣ್ಣಗಾಗಿರುತ್ತದೆ. ನಾನು ಕೆಲಸಕ್ಕೆ ಬೇಕಾಗಿ ಒಂದಿಷ್ಟು ಪೈಥಾನ್ ಕಲಿತವನು. "ನಿನ್ನ ಕಂಪ್ಯೂಟರ್ ಇದನ್ನು ಮಾಡ್ತದಾ?" ಅಂತ ಕೇಳಿದಳು. ಮಾಡ್ತದೆ ಅಂದೆ. ಎರಡು ಭಾನುವಾರದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ, ಏಳು ಭಾನುವಾರ ಹಿಡಿಯಿತು.

ಅವಳ ಷರತ್ತು ಒಂದೇ. ವಾಕ್ಯವನ್ನು ಚಂದ ಮಾಡಬಾರದು, ತಿರುಗಿ ಬರೆಯಬಾರದು. ಎಷ್ಟನೇ ಪದ ತಪ್ಪು, ಸರಿರೂಪ ಯಾವುದು, ಯಾವ ಬಗೆಯ ತಪ್ಪು, ಅಷ್ಟು ಮಾತ್ರ ಹೇಳಬೇಕು. ಪರೀಕ್ಷೆಗೆ ಅಂತ ಅವಳು ಕೊಟ್ಟ ಮೊದಲ ವಾಕ್ಯ ಇದು:

ನಾವು ಐದನೆಯ ತರಗತಿಯ ವಿಧ್ಯಾರ್ಥಿಗಳು ನಿನ್ನೆ ಬೇಕಲ ಕೋಟೆಗೆ ಹೋದರು.

ಎರಡು ತಪ್ಪಿದೆ. ನಾಲ್ಕನೇ ಪದದಲ್ಲಿ ದ ಇರಬೇಕಾದಲ್ಲಿ ಧ ಇದೆ. ಎಂಟನೇ ಪದ 'ಹೋದೆವು' ಆಗಬೇಕು. ಇಷ್ಟು ಸಣ್ಣ ವಾಕ್ಯ, ಎಷ್ಟು ಸುಲಭ ಅಲ್ವಾ ಅನ್ನಿಸಿತ್ತು. ಕೊನೆಗೆ ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದೂ ಇದೇ ವಾಕ್ಯ.

ಮೊದಲ ಭಾನುವಾರ ಪದಗಳನ್ನು ಬಿಡಿಸುವುದರಲ್ಲೇ ಹೋಯಿತು. ಇಂಗ್ಲಿಷಿಗೆ ಎಲ್ಲರೂ ಬಳಸುವ `\w+` ಹಾಕಿದೆ. ಪೈಥಾನಿನ `re` ಗೆ ಕನ್ನಡದ ಒತ್ತು, ಗುಡಿಸು, ಕೊಂಬು ಯಾವುದೂ ಅಕ್ಷರವಲ್ಲ. ಅವು ಬಂದಲ್ಲೆಲ್ಲ ಪದ ತುಂಡಾಗುತ್ತದೆ:

```python
>>> re.findall(r"\w+", "ಕನ್ನಡ")
['ಕನ', 'ನಡ']
>>> re.findall(r"[\u0C80-\u0CFF\u200C\u200D]+", "ಕನ್ನಡ")
['ಕನ್ನಡ']
```

ಕನ್ನಡಕ್ಕೆ ಯೂನಿಕೋಡಿನಲ್ಲಿ ಕೊಟ್ಟ ಜಾಗ `0C80` ರಿಂದ `0CFF` ತನಕ. ಅದನ್ನೇ ನೇರವಾಗಿ ಬರೆದರೆ ಸಮಸ್ಯೆ ಇಲ್ಲ. ಕೊನೆಯ ಎರಡು, `200C` ಮತ್ತು `200D`, ಕಣ್ಣಿಗೆ ಕಾಣದವು. 'ಬಸ್‌ನಲ್ಲಿ' ಅಂತ ಬರೆಯುವಾಗ ಸ್ ಕೆಳಗೆ ನ ಒತ್ತು ಬಾರದ ಹಾಗೆ ತಡೆಯುವುದು ಇದರಲ್ಲಿ ಮೊದಲನೆಯದು. ಅದನ್ನು ಬಿಟ್ಟರೆ 'ಬಸ್' ಒಂದು ಪದ, 'ನಲ್ಲಿ' ಇನ್ನೊಂದು ಪದ ಆಗುತ್ತದೆ. ಆಗ ನಲ್ಲಿ ನೀರಿನ ನಲ್ಲಿಯಾಗಿ ಪದಪಟ್ಟಿಯಲ್ಲಿ ಸಿಕ್ಕಿಬಿಡುತ್ತದೆ. ತಪ್ಪು ಹೇಳದೆ ಸುಮ್ಮನೆ ಪಾಸಾದದ್ದರಿಂದ ಇದು ಗೊತ್ತಾಗಲು ವಾರ ಹಿಡಿಯಿತು.

ಅದು ಗೊತ್ತಾದ ದಿನವೇ ಇನ್ನೊಂದು ವಿಚಿತ್ರ. ಒಬ್ಬ ಹುಡುಗನ ವಾಕ್ಯದಲ್ಲಿ 'ಬ೦ದರು' ತಪ್ಪು, 'ಬಂದರು' ಸರಿ ಅಂತ ಸ್ಕ್ರಿಪ್ಟ್ ಹೇಳಿತು. ಎರಡನ್ನೂ ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣಲಿಲ್ಲ. ಒಂದೊಂದೇ ಅಕ್ಷರದ ಸಂಖ್ಯೆ ತೆಗೆದು ನೋಡಿದರೆ, ಅಲ್ಲಿರುವುದು ಸೊನ್ನೆ ಅನುಸ್ವಾರ ಅಲ್ಲ, ಅಂಕಿ ಸೊನ್ನೆ. ಅನುಸ್ವಾರ `U+0C82`, ಕನ್ನಡ ಅಂಕಿ ಸೊನ್ನೆ `U+0CE6`. ದುಂಡಗೆ ಇರುವ ಎರಡೂ ಒಂದೇ ಅಂತ ಮಗು ಒತ್ತಿದ್ದು. ಹಾಗೆಯೇ 'ೀ' ಅನ್ನು ಕೆಲವು ಕೀಬೋರ್ಡು ಒಂದೇ ಗುರುತಾಗಿ ಕೊಡುತ್ತದೆ, ಕೆಲವು ಗುಡಿಸು ಮತ್ತು ದೀರ್ಘ ಅಂತ ಎರಡಾಗಿ ಕೊಡುತ್ತದೆ. ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇವೆರಡನ್ನೂ ಮೊದಲೇ ಒರೆಸಿ ಹಾಕಿದೆ:

```python
def shuddha(s):
    s = unicodedata.normalize("NFC", s)
    return re.sub(r"(?<=[\u0C85-\u0CCC])\u0CE6",
                  "\u0C82", s)
```

ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಮಾತ್ರ ಸೊನ್ನೆ ಬದಲಾಗುತ್ತದೆ. ೧೦ ರಲ್ಲಿ ಹಿಂದೆ ಅಂಕಿ ಇದೆ, ಹಾಗಾಗಿ ಅದು ಹಾಗೇ ಉಳಿಯುತ್ತದೆ. ಇದನ್ನು ತಪ್ಪು ಅಂತ ಮಗುವಿಗೆ ಹೇಳಬೇಕೋ ಬೇಡವೋ ಅಂತ ಅಕ್ಕನನ್ನು ಕೇಳಿದೆ. "ಪೆನ್ನು ಹಿಡಿದು ಬರೆದಿದ್ದರೆ ಅದು ಸರಿಯೇ ಅಲ್ವಾ, ಅದಕ್ಕೆಂತ ತಪ್ಪು" ಅಂದಳು. ಸರಿ, ಸದ್ದಿಲ್ಲದೆ ತಿದ್ದುವುದು ಅಂತ ಆಯಿತು. ಆದರೆ ಹೀಗೆ ಒರೆಸಿದ ಮೇಲೆ ವಾಕ್ಯದ ಉದ್ದವೇ ಬದಲಾಗುತ್ತದೆ. ತಪ್ಪಿನ ಜಾಗವನ್ನು 'ಇಷ್ಟನೇ ಅಕ್ಷರ' ಅಂತ ಹೇಳಿದರೆ ಮಗು ಕಳಿಸಿದ ವಾಕ್ಯದಲ್ಲಿ ಅದು ಬೇರೆಲ್ಲೋ ಬೀಳುತ್ತದೆ. ಅದಕ್ಕೇ ಪದದ ಸಂಖ್ಯೆ ಹೇಳುವುದು ಅಂತ ನಿರ್ಧಾರ ಮಾಡಿದೆ. ಮೊದಲು ಬರೇ ಆ ಧ ಒಂದನ್ನೇ ಕೆಂಪು ಮಾಡಲು ಹೋಗಿದ್ದೆ, ಅದಕ್ಕೆ ಅಂಟಿದ ಯ ಒತ್ತು ಕಳಚಿಕೊಂಡು ಚುಕ್ಕಿ ವೃತ್ತದ ಮೇಲೆ ನೇತಾಡಿತು. ಇಡೀ ಪದವನ್ನೇ ಗುರುತು ಮಾಡುವುದು ಕ್ಷೇಮ.

ಎರಡನೇ ಭಾನುವಾರ ಕಾಗುಣಿತ. ಕನ್ನಡ ವಿಕಿಪೀಡಿಯದ ಪಠ್ಯ ಇಳಿಸಿಕೊಂಡು, ಯಾವ ಪದ ಎಷ್ಟು ಸಲ ಬಂದಿದೆ ಅಂತ ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಇಲ್ಲದ್ದು ತಪ್ಪು, ಅಷ್ಟೇ ಅಲ್ವಾ? ಬೇಕಲದ ವಾಕ್ಯ ಹಾಕಿದೆ. ತಪ್ಪೇ ಇಲ್ಲ ಅಂತ ಬಂತು. ಯಾಕೆಂದರೆ 'ವಿಧ್ಯಾರ್ಥಿ' ಪಟ್ಟಿಯಲ್ಲಿ ಇದೆ! ಜನ ಬರೆದದ್ದನ್ನು ಕೂಡಿಸಿ ಮಾಡಿದ ಪಟ್ಟಿಯಲ್ಲಿ ಜನ ಮಾಡುವ ತಪ್ಪೂ ಇರುತ್ತದೆ. ಈ ತಪ್ಪಂತೂ ನಮ್ಮಲ್ಲಿ ಬ್ಯಾನರಿನಲ್ಲಿ, ಆಮಂತ್ರಣ ಪತ್ರಿಕೆಯಲ್ಲಿ ಎಲ್ಲಾ ಕಡೆ ಕಾಣುತ್ತದೆ.

ಹಾಗಾಗಿ 'ಇದೆಯಾ ಇಲ್ವಾ' ಅನ್ನುವ ಬದಲು 'ಯಾವುದು ಜಾಸ್ತಿ' ಅಂತ ಕೇಳಿದೆ. ಪದದ ಒಂದು ಅಕ್ಷರ ಬದಲಿಸಿ ನೋಡುವುದು: ದ ಇದ್ದಲ್ಲಿ ಧ, ಧ ಇದ್ದಲ್ಲಿ ದ, ತ ಮತ್ತು ಥ, ಶ ಷ ಸ, ಲ ಮತ್ತು ಳ, ಹ್ರಸ್ವ ಮತ್ತು ದೀರ್ಘ. ಬದಲಿಸಿದ ರೂಪ ಪಟ್ಟಿಯಲ್ಲಿ ಮೂಲದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಬಂದಿದ್ದರೆ ಮೂಲದ್ದು ತಪ್ಪು. ವಿದ್ಯಾರ್ಥಿ ಆರಾಮಾಗಿ ಗೆದ್ದಿತು. ಪಟ್ಟಿಗೆ ಇನ್ನೊಂದು ಜೋಡಿ ಸೇರಿಸಬೇಕಾಯಿತು, ಅದು ನಮ್ಮೂರಿನದ್ದೇ. ಮಲಯಾಳದಲ್ಲಿ 'ಭಾಷ', 'ಪರೀಕ್ಷ', 'ಕಥ'. ಕನ್ನಡದಲ್ಲಿ ಭಾಷೆ, ಪರೀಕ್ಷೆ, ಕಥೆ. ಮನೆಯಲ್ಲಿ ಮಲಯಾಳ ಮಾತಾಡುವ ಮಕ್ಕಳು ಕೊನೆಯ ಏತ್ವ ಬಿಟ್ಟು 'ನಾಳೆ ಪರೀಕ್ಷ ಇದೆ' ಅಂತ ಬರೆಯುತ್ತಾರೆ. ಹಾಗಾಗಿ ಪದದ ಕೊನೆಗೆ ಏತ್ವ ಹಚ್ಚಿ ನೋಡುವುದು ಅನ್ನುವುದೂ ಒಂದು ಪ್ರಯತ್ನ. 'ಮಳೆಕಾಲ' ಕೂಡ ಹೀಗೆಯೇ ಬರುತ್ತದೆ, ಮಲಯಾಳದ 'ಮಳಕ್ಕಾಲಂ' ಕಿವಿಯಲ್ಲಿ ಇರುವುದರಿಂದ. ಅಲ್ಲಿ ಕ ಹೋಗಿ ಗ ಬರಬೇಕು, ಆದೇಶ ಸಂಧಿ, 'ಮಳೆಗಾಲ'.

ಈ ಹತ್ತು ಪಟ್ಟಿನ ಲೆಕ್ಕ ಒಂದು ಕಡೆ ಮುಗ್ಗರಿಸಿತು. ಒಬ್ಬಳು 'ಪ್ರಶಸ್ತಿ ಪ್ರದಾನ' ಅಂತ ಸರಿಯಾಗಿಯೇ ಬರೆದಿದ್ದಳು. ಸ್ಕ್ರಿಪ್ಟ್ ಅದನ್ನು 'ಪ್ರಧಾನ' ಮಾಡು ಅಂದಿತು. ಪ್ರಧಾನ ಮಂತ್ರಿ ಎಲ್ಲಾ ಕಡೆ ಬರುತ್ತಾರಲ್ಲ, ಪ್ರದಾನ ಸಮಾರಂಭ ಅಷ್ಟು ಬರುವುದಿಲ್ಲ. ಎರಡೂ ಬೇರೆ ಬೇರೆ ಅರ್ಥದ ಸರಿಯಾದ ಪದಗಳು. ಇಂಥ ಜೋಡಿಗಳಿಗೆ ಒಂದು ವಿನಾಯಿತಿ ಪಟ್ಟಿ ಮಾಡಿದೆ: ಪ್ರದಾನ ಪ್ರಧಾನ, ದನ ಧನ, ಹಾಲು ಹಾಳು. ಕತೆ ಮತ್ತು ಕಥೆ ಕೂಡ ಅದೇ ಪಟ್ಟಿಯಲ್ಲಿ, ಆದರೆ ಬೇರೆ ಕಾರಣಕ್ಕೆ, ಅವೆರಡೂ ಒಂದೇ ಪದ, ಎರಡು ರೂಪವೂ ಸರಿ.

ಪ್ರತ್ಯಯ ಬಿಡಿಸುವ ಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 'ಕೋಟೆಗಳಲ್ಲಿಯೂ' ಅನ್ನುವುದು ಪಟ್ಟಿಯಲ್ಲಿ ಇರುವುದೇ ಇಲ್ಲ, ಅದರಲ್ಲಿ ಕೋಟೆ, ಗಳು, ಅಲ್ಲಿ, ಊ ನಾಲ್ಕು ತುಂಡಿದೆ. ಹನ್‌ಸ್ಪೆಲ್ ಅನ್ನುವ ಉಚಿತ ತಂತ್ರಾಂಶ ಬಳಸೋಣ ಅಂತ ಮೊದಲು ನೋಡಿದ್ದೆ. ಅದು ಪದದ ಕೊನೆಯಿಂದ ಎರಡು ಪ್ರತ್ಯಯ ಮಾತ್ರ ಬಿಡಿಸುತ್ತದೆ. ಮೂರನೆಯದಕ್ಕೆ ನಾವೇ ಎರಡನ್ನು ಕೂಡಿಸಿ ಒಂದು ಪ್ರತ್ಯಯ ಅಂತ ಬರೆದುಕೊಡಬೇಕು, ಕನ್ನಡದಲ್ಲಿ ಹಾಗೆ ಬರೆಯಲು ಕೂತರೆ ಕೊನೆಯೇ ಇಲ್ಲ. ಮಕ್ಕಳು ಬಳಸುವ ಪ್ರತ್ಯಯಗಳು ಎಷ್ಟು ಮಹಾ ಅಂತ ನಾನೇ ಒಂದು ಲೂಪ್ ಬರೆದೆ. ಕೊನೆಯಿಂದ ಕಳಚುತ್ತಾ ಹೋಗುವುದು, ಉಳಿದದ್ದು ಪಟ್ಟಿಯಲ್ಲಿ ಸಿಕ್ಕ ಕೂಡಲೇ ನಿಲ್ಲುವುದು.

ಮೂರನೇ ಭಾನುವಾರದಿಂದ ನಿಜವಾದ ಕೆಲಸ, ಕರ್ತೃ ಮತ್ತು ಕ್ರಿಯಾಪದ.

'ನಾವು ಹೋದರು' ಅಂತ ಈ ಮಕ್ಕಳು ಯಾಕೆ ಬರೆಯುತ್ತಾರೆ ಅನ್ನುವುದಕ್ಕೆ ಅಕ್ಕನ ಹತ್ತಿರ ಉತ್ತರ ಇತ್ತು. ಮಲಯಾಳದಲ್ಲಿ 'ಞಾನ್ ಪೋಯಿ', 'ಅವನ್ ಪೋಯಿ', 'ಅವರ್ ಪೋಯಿ'. ಯಾರು ಹೋದರೂ ಪೋಯಿಯೇ. ಕ್ರಿಯಾಪದದ ಬಾಲ ಬದಲಾಗುವುದೇ ಇಲ್ಲ. ಆ ಮಗುವಿಗೆ ಕನ್ನಡದಲ್ಲಿ ನಾನು ಹೋದೆನು, ನಾವು ಹೋದೆವು, ಅವಳು ಹೋದಳು ಅಂತ ಬಾಲ ಹುಡುಕುವುದೇ ಹೊಸ ಕೆಲಸ. ಸಿಕ್ಕಿದ ಒಂದು ಬಾಲ ಹಚ್ಚಿಬಿಡುತ್ತದೆ, ಅದು ಹೆಚ್ಚಾಗಿ 'ರು'. ತುಳು ಮನೆಯ ಮಕ್ಕಳಲ್ಲಿ ಈ ತಪ್ಪು ಕಡಿಮೆಯಂತೆ. ತುಳುವಿನಲ್ಲಿ 'ಆಯೆ ಪೋಯೆ', 'ಅಕುಲು ಪೋಯೆರ್' ಅಂತ ಬಾಲ ಬದಲಾಗುತ್ತದಲ್ಲ.

ಸರಿರೂಪ ಕಟ್ಟುವುದು ಕಷ್ಟ ಆಗಬಹುದು ಅಂದುಕೊಂಡಿದ್ದೆ. ಹೋದ ಎಂಬಲ್ಲಿ ಕೊನೆಯ ಅಕಾರ ಲೋಪ ಆಗಿ ಎವು ಸೇರಬೇಕು, ಲೋಪ ಸಂಧಿ. ಆದರೆ ಯೂನಿಕೋಡಿನಲ್ಲಿ ಅಕಾರಕ್ಕೆ ಬೇರೆ ಗುರುತೇ ಇಲ್ಲ. 'ಹೋದ'ಕ್ಕೆ ಏತ್ವ ಅಂಟಿಸಿದರೆ ತಾನಾಗಿ 'ಹೋದೆ' ಆಗುತ್ತದೆ. ವ್ಯಾಕರಣದಲ್ಲಿ ಲೋಪ, ಇಲ್ಲಿ ಸುಮ್ನೆ ಕೂಡಿಸುವುದು. ಮೂರು ಸಾಲಿನಲ್ಲಿ ಮುಗಿಯಿತು:

```python
BHUTA = {"ನಾನು": "\u0CC6ನು", "ನಾವು": "\u0CC6ವು",
         "ನೀನು": "\u0CC6", "ನೀವು": "\u0CBFರಿ", "ಅವನು": "ನು",
         "ಅವಳು": "ಳು", "ಅವರು": "ರು", "ಅವು": "ವು"}

def tiddu(kriya, karta):
    for k in sorted(BHUTA.values(), key=len, reverse=True):
        if kriya.endswith(k):
            return kriya[:-len(k)] + BHUTA[karta]
```

ಏತ್ವವನ್ನು `\u0CC6` ಅಂತ ಸಂಖ್ಯೆಯಲ್ಲಿ ಬರೆದದ್ದು ಜಾಣತನ ತೋರಿಸಲು ಅಲ್ಲ. ನೇರವಾಗಿ ಬರೆದರೆ ಎಡಿಟರಿನಲ್ಲಿ ಅದು ಹಿಂದಿನ ಉದ್ಧರಣ ಚಿಹ್ನೆಗೇ ಹೋಗಿ ಅಂಟಿಕೊಳ್ಳುತ್ತದೆ, ಕರ್ಸರ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಉದ್ದದ ಬಾಲ ಮೊದಲು ನೋಡಬೇಕು ಅನ್ನುವುದನ್ನು ಪೆಟ್ಟು ತಿಂದು ಕಲಿತೆ. 'ಅವರು ಹೋದೆವು' ಕೊಟ್ಟಾಗ ಮೊದಲು 'ವು' ಸಿಕ್ಕಿ ಅದನ್ನು ಮಾತ್ರ ಕಳಚಿ, ಉಳಿದ 'ಹೋದೆ'ಗೆ 'ರು' ಹಚ್ಚಿ 'ಹೋದೆರು' ಅಂತ ಹೊಸ ಕನ್ನಡ ಹುಟ್ಟಿಸಿತ್ತು. 'ಅದು' ಈ ಪಟ್ಟಿಯಲ್ಲಿ ಇಲ್ಲ, ಅದಕ್ಕೆ ಬೇರೆಯೇ ದಾರಿ. ಹೋಯಿತು, ಬಂತು, ಮಾಡಿತು ಯಾವುದೂ ಹೋದ, ಬಂದ, ಮಾಡಿದ ಎಂಬುದಕ್ಕೆ ನೇರ ಬಾಲ ಹಚ್ಚಿ ಬರುವುದಿಲ್ಲ. ಮೊದಲು ಸುಮ್ಮನೆ 'ಇತು' ಹಚ್ಚಿ ನೋಡಿದ್ದೆ, 'ಮಾಡಿದಿತು' ಬಂತು. ಆಮೇಲೆ ಕೈಯಿಂದಲೇ ಒಂದು ಸಣ್ಣ ಕೋಷ್ಟಕ ಬರೆದೆ.

ಆ 'ಇತು' ಇದ್ದ ಹೊತ್ತಿನಲ್ಲೇ ಅಕ್ಕನಿಗೆ ತೋರಿಸಿದ್ದು ನನ್ನ ಗ್ರಹಚಾರ. ಅವಳು ಟೈಪ್ ಮಾಡಿದ ವಾಕ್ಯ: ಇದು ನಮ್ಮ ಊರು. ಸ್ಕ್ರಿಪ್ಟ್ ಕೊನೆಯ ಪದ ನೋಡಿತು, 'ರು' ಇದೆ, ಅಂದರೆ ಕ್ರಿಯಾಪದ. ಕರ್ತೃ 'ಇದು'. ಹೊಂದುವುದಿಲ್ಲ. 'ರು' ಕಳಚಿತು, ಉಳಿದ ಊಕಾರದ ತಲೆಗೆ 'ಇತು' ಹಚ್ಚಿತು. ಊ ಪಕ್ಕ ಚುಕ್ಕಿ ವೃತ್ತ, ಅದರ ಮೇಲೊಂದು ಗುಡಿಸು, ಆಮೇಲೆ ತು. "ಎಂತ ಮಾರಾಯ, ನಮ್ಮ ಊರೇ ತಪ್ಪಾ?" ಅಂತ ಅವಳು ನಕ್ಕದ್ದು ಪಕ್ಕದ ಮನೆಗೂ ಕೇಳಿರಬೇಕು.

ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದ ವಾಕ್ಯ ಬೇಕಷ್ಟಿದೆ. ಇದು ನಮ್ಮ ಊರು, ಅವಳ ಹೆಸರು ಇಂಥದ್ದು, ಅವರು ನಮ್ಮ ಮಾಷ್ಟ್ರು. ಕೊನೆಯ ಪದ ಕ್ರಿಯಾಪದವೇ ಆಗಿರಬೇಕಾಗಿಲ್ಲ. ಬಾಲ ನೋಡಿ ಕ್ರಿಯಾಪದ ಅನ್ನುವುದನ್ನು ಬಿಟ್ಟು, ಬಾಲ ಕಳಚಿದ ಮೇಲೆ ಉಳಿಯುವುದು ನನ್ನ ಧಾತುಪಟ್ಟಿಯಲ್ಲಿ ಇದ್ದರೆ ಮಾತ್ರ ಕ್ರಿಯಾಪದ ಅಂತ ಮಾಡಿದೆ. ಹೋದ, ಬಂದ, ನೋಡಿದ, ಕೊಟ್ಟ, ನಕ್ಕ, ಕಲಿತ, ಹೀಗೆ ಐದನೇ ತರಗತಿಯ ಪಾಠದಿಂದ ಹೆಕ್ಕಿದ ಸುಮಾರು ಇನ್ನೂರು. ಪಟ್ಟಿಯಲ್ಲಿ ಇಲ್ಲದ ಧಾತು ಬಂದರೆ ಸ್ಕ್ರಿಪ್ಟ್ ಸುಮ್ಮನಿರುತ್ತದೆ. ಬರುವುದಿಲ್ಲ, ಬರಲಿಲ್ಲ, ಬೇಕು, ಸಾಕು ಇಂಥವಕ್ಕೆ ಹೇಗೂ ಬಾಲ ಬದಲಾಗುವುದಿಲ್ಲ, ಅವು ಕಂಡರೆ ಮುಂದೆ ಹೋಗುವುದು.

ಈಗ ಬೇಕಲದ ವಾಕ್ಯಕ್ಕೆ ವಾಪಸ್ ಬಂದೆ. ವ್ಯಾಕರಣದ ಭಾಗವನ್ನು ಮಾತ್ರ ಓಡಿಸಿದಾಗ 'ಹೋದರು, ಹೋದೆವು' ಅಂತ ಸರಿಯಾಗಿ ಹಿಡಿಯಿತು. ಕಾಗುಣಿತದ ಭಾಗ ಮಾತ್ರ ಓಡಿಸಿದಾಗ ವಿದ್ಯಾರ್ಥಿಗಳನ್ನು ಹಿಡಿಯಿತು. ಎರಡನ್ನೂ ಜೋಡಿಸಿ ಓಡಿಸಿದರೆ ಕಾಗುಣಿತದ ತಪ್ಪು ಮಾತ್ರ! ಹೋದರು ತಪ್ಪೇ ಅಲ್ಲ ಅಂತ. ಒಂದೊಂದಾಗಿ ಎರಡೂ ಸರಿ, ಒಟ್ಟಿಗೆ ಒಂದು ಮಾಯ. ಒಂದಿಡೀ ಸಂಜೆ ಇದರಲ್ಲಿ ಹೋಯಿತು.

ಆದದ್ದು ಇಷ್ಟು. ಕರ್ತೃ ಹುಡುಕಲು ನಾನು ಬರೆದ ನಿಯಮ, 'ಕ್ರಿಯಾಪದದಿಂದ ಹಿಂದೆ ಹೋಗುವಾಗ ಮೊದಲು ಸಿಗುವ, ವಿಭಕ್ತಿ ಪ್ರತ್ಯಯ ಹಚ್ಚದ ನಾಮಪದ ಅಥವಾ ಸರ್ವನಾಮ'. ಕೋಟೆಗೆ ಅಲ್ಲ, 'ಗೆ' ಇದೆ. ಬೇಕಲ, ಅದು ಊರಿನ ಹೆಸರು, ಬಿಡು. ನಿನ್ನೆ ಬಿಡು. ಮುಂದಿನದ್ದು 'ವಿಧ್ಯಾರ್ಥಿಗಳು'. ವ್ಯಾಕರಣ ಮಾತ್ರ ಓಡಿಸಿದಾಗ ಈ ಪದ ಧ ಇಟ್ಟುಕೊಂಡೇ ಇದೆ, ನನ್ನ ನಾಮಪದ ಪಟ್ಟಿಯಲ್ಲಿ ಇಲ್ಲ, ಸ್ಕ್ರಿಪ್ಟ್ ಅದನ್ನು ದಾಟಿ 'ನಾವು' ತನಕ ಹೋಗುತ್ತದೆ, ತಪ್ಪು ಹಿಡಿಯುತ್ತದೆ. ಕಾಗುಣಿತ ತಿದ್ದಿದ ಮೇಲೆ ಅದೇ ಪದ 'ವಿದ್ಯಾರ್ಥಿಗಳು' ಆಗಿ ನಾಮಪದ ಅಂತ ಗುರುತು ಸಿಗುತ್ತದೆ, ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುತ್ತದೆ. ವಿದ್ಯಾರ್ಥಿಗಳು ಹೋದರು, ಸರಿಯಾಗಿಯೇ ಇದೆಯಲ್ಲ! ಅಂದರೆ ನನ್ನ ನಿಯಮ ಮೊದಲಿನಿಂದಲೂ ತಪ್ಪು, ಮಗುವಿನ ತಪ್ಪು ನನ್ನ ತಪ್ಪನ್ನು ಮುಚ್ಚಿಟ್ಟಿತ್ತು.

ಈ ವಾಕ್ಯದಲ್ಲಿ 'ನಾವು' ಮತ್ತು 'ವಿದ್ಯಾರ್ಥಿಗಳು' ಇಬ್ಬರೂ ಒಂದೇ ಜನ. ಎರಡನೆಯದು ಮೊದಲನೆಯದರ ವಿವರಣೆ. ಹಾಗಿದ್ದಾಗ ಕ್ರಿಯಾಪದ ಸರ್ವನಾಮವನ್ನೇ ಅನುಸರಿಸಬೇಕು. ನಾವು ಕಾಸರಗೋಡಿನವರು ಹೀಗೆ ಹೇಳುತ್ತೇವೆ ಅನ್ನುತ್ತೇವೆಯೇ ಹೊರತು ಹೇಳುತ್ತಾರೆ ಅನ್ನುವುದಿಲ್ಲ. ಹಾಗಾಗಿ ಹೊಸ ನಿಯಮ: ನಾನು, ನಾವು, ನೀನು, ನೀವು ಇವುಗಳಲ್ಲಿ ಯಾವುದಾದರೂ ವಾಕ್ಯದಲ್ಲಿದ್ದರೆ ಅದೇ ಕರ್ತೃ, ಹತ್ತಿರದ ನಾಮಪದಕ್ಕೆ ಬೆಲೆ ಇಲ್ಲ. ಕಾಗುಣಿತ ಮೊದಲು, ಅದು ತಿದ್ದಿಕೊಟ್ಟ ಪದಗಳ ಮೇಲೆ ವ್ಯಾಕರಣ, ಈ ಕ್ರಮ ಹಾಗೇ ಇಟ್ಟೆ. ಕೊನೆಗೂ ಬಂತು:

```
4  ವಿಧ್ಯಾರ್ಥಿಗಳು  ->  ವಿದ್ಯಾರ್ಥಿಗಳು   ಕಾಗುಣಿತ
8  ಹೋದರು  ->  ಹೋದೆವು   ಕ್ರಿಯಾಪದ (ಕರ್ತೃ: 1 ನಾವು)
```

ಕರ್ತೃ ಯಾವುದು ಅಂತ ಸ್ಕ್ರಿಪ್ಟ್ ತಿಳಿದುಕೊಂಡಿತು ಅನ್ನುವುದನ್ನೂ ಉತ್ತರದಲ್ಲೇ ಹಾಕಿದ್ದು ಈ ಸಂಜೆಯ ಫಲ. ಅದು ಇದ್ದಿದ್ದರೆ ಅರ್ಧ ಗಂಟೆಯಲ್ಲಿ ಹಿಡಿಯುತ್ತಿದ್ದೆ.

ಖುಷಿ ಒಂದು ವಾರ ಮಾತ್ರ. ಮುಂದಿನ ವಾರ ಒಬ್ಬಳು ಬರೆದಳು: ನಾವು ಕರೆದ ಗೆಳತಿಯರು ಬಂದರು. ನೂರಕ್ಕೆ ನೂರು ಸರಿ. ಸ್ಕ್ರಿಪ್ಟ್ 'ಬಂದೆವು' ಮಾಡು ಅಂತ ಹಟ ಹಿಡಿಯಿತು. ಇಲ್ಲಿ 'ನಾವು' ಕರೆದವರು ಮಾತ್ರ, ಬಂದವರು ಗೆಳತಿಯರು. 'ಕರೆದ' ಅನ್ನುವ ಆ ಪದ ತನ್ನ ಕರ್ತೃವನ್ನು ನುಂಗಿಬಿಟ್ಟಿದೆ. 'ನಾವು ಬಂದಾಗ ಅವರು ಹೋದರು', 'ನಾವು ಬರುತ್ತೇವೆ ಎಂದು ಅವರು ಹೇಳಿದರು', ಎಲ್ಲಾ ಇದೇ ಜಾತಿ. ಇದನ್ನೆಲ್ಲ ಸರಿಯಾಗಿ ಬಿಡಿಸಬೇಕಾದರೆ ಇಡೀ ವಾಕ್ಯರಚನೆಯನ್ನೇ ಬಿಡಿಸುವ ದೊಡ್ಡ ಯಂತ್ರ ಬೇಕು. ನಾನು ಸಣ್ಣ ದಾರಿ ಹಿಡಿದೆ. ಸರ್ವನಾಮಕ್ಕೂ ಕೊನೆಯ ಕ್ರಿಯಾಪದಕ್ಕೂ ನಡುವೆ ಕರೆದ, ಬರುವ, ಬಂದಾಗ, ಬಂದರೆ, ಎಂದು ಇಂಥ ರೂಪ ಕಂಡರೆ ಬಾಯಿ ಮುಚ್ಚಿಕೊಂಡಿರು. ಹೋಗಿ, ಬಂದು, ನೋಡಿ ಇವು ಬಂದರೆ ತೊಂದರೆ ಇಲ್ಲ, ಅವುಗಳಿಗೆ ಕರ್ತೃ ಸಾಮಾನ್ಯವಾಗಿ ಮುಂದಿನ ಕ್ರಿಯಾಪದದ್ದೇ. 'ನಾವು ಕೋಟೆಗೆ ಹೋಗಿ ಫೋಟೋ ತೆಗೆದರು' ಅನ್ನುವುದನ್ನು ಈಗಲೂ ಸರಿಯಾಗಿ ಹಿಡಿಯುತ್ತದೆ.

ಸುಮ್ಮನಿರುವುದು ಸೋಲು ಅಂತ ಮೊದಲು ಅನ್ನಿಸುತ್ತಿತ್ತು. ಅಕ್ಕ ಅದನ್ನು ಬದಲಾಯಿಸಿದಳು. ಒಂದು ತಪ್ಪು ಬಿಟ್ಟುಹೋದರೆ ನಾಳೆ ತರಗತಿಯಲ್ಲಿ ಹೇಳಬಹುದು, ಸರಿಯಾಗಿ ಬರೆದದ್ದನ್ನು ತಪ್ಪು ಅಂತ ಒಮ್ಮೆ ಹೇಳಿದರೆ ಆ ಮಗು ಮುಂದೆ ಯಾವತ್ತೂ ಹಾಗೆ ಬರೆಯುವುದೇ ಇಲ್ಲ ಅಂದಳು. ಆಮೇಲೆ ನೋಡಿದರೆ ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವವರೂ ಇದನ್ನೇ ಲೆಕ್ಕದಲ್ಲಿ ಇಟ್ಟಿದ್ದಾರೆ. ವ್ಯಾಕರಣದ ತಪ್ಪು ತಿದ್ದುವ ತಂತ್ರಾಂಶಗಳಿಗೆಂದು ನಡೆದ 2014ರ ಕೋನೆಲ್ ಸ್ಪರ್ಧೆಯಲ್ಲಿ ಅಂಕ ಕೊಟ್ಟದ್ದು `F0.5` ಅನ್ನುವ ಅಳತೆಯಲ್ಲಿ. ಅದರಲ್ಲಿ ಎಷ್ಟು ತಪ್ಪು ಹುಡುಕಿದೆ ಅನ್ನುವುದಕ್ಕಿಂತ ತಪ್ಪು ಅಂದದ್ದು ನಿಜಕ್ಕೂ ತಪ್ಪಾಗಿತ್ತಾ ಅನ್ನುವುದಕ್ಕೆ ಹೆಚ್ಚು ತೂಕ.

ಐದನೇ ವಾರದ ವಾಕ್ಯ ನನಗೆ ಬಹಳ ಇಷ್ಟವಾದದ್ದು: ಮಳೆ ಬಂದರು ನಾವು ಆಟ ಆಡಿದೆವು. ಪದಪಟ್ಟಿಯಲ್ಲಿ ಎಲ್ಲಾ ಪದವೂ ಇದೆ. ಸ್ಕ್ರಿಪ್ಟ್ 'ಮಳೆ ಬಂದರು' ನೋಡಿ, ಮಳೆ ನಪುಂಸಕಲಿಂಗ, ಹಾಗಾಗಿ 'ಬಂತು' ಅಂದಿತು. 'ಮಳೆ ಬಂತು ನಾವು ಆಟ ಆಡಿದೆವು', ವ್ಯಾಕರಣ ಸರಿ, ಮಗು ಹೇಳಹೊರಟದ್ದು ಮಾತ್ರ ಹೋಯಿತು. ಮಗುವಿಗೆ ಬೇಕಾಗಿದ್ದದ್ದು 'ಬಂದರೂ', ಮಳೆ ಬಂದರೂ ಆಡಿದೆವು. ಬಿಟ್ಟುಹೋದದ್ದು ಕೊಂಬಿನ ದೀರ್ಘ ಒಂದೇ. ಹಾಗಾಗಿ 'ರು' ಕೊನೆಯಾಗುವ ಕ್ರಿಯಾಪದ ವಾಕ್ಯದ ನಡುವೆ ಬಂದು, ಹಿಂದೆ ಅದಕ್ಕೆ ಹೊಂದುವ ಕರ್ತೃ ಇಲ್ಲದೆ, ಮುಂದೆ ಇನ್ನೊಂದು ಪೂರ್ತಿ ಕ್ರಿಯಾಪದ ಇದ್ದರೆ, ಬಾಲ ಬದಲಿಸುವ ಮೊದಲು ದೀರ್ಘ ಮಾಡಿ ನೋಡು ಅಂತ ಬರೆದೆ. ಒಂದೇ ತಪ್ಪಿಗೆ ಎರಡು ಸರಿರೂಪ ಸಾಧ್ಯ ಇರುವಾಗ ಕಡಿಮೆ ಬದಲಾವಣೆಯದ್ದನ್ನು ಆರಿಸುವುದು. ಇದು ಎಲ್ಲಾ ಕಡೆ ನಿಲ್ಲುವುದಿಲ್ಲ, ಆದರೆ ಮಕ್ಕಳ ವಾಕ್ಯದಲ್ಲಿ ಈ ತನಕ ಕೈಕೊಟ್ಟಿಲ್ಲ.

ಇನ್ನೊಂದು ಜಗಳ ಗೌರವದ್ದು. 'ಅಜ್ಜ ಬಂದರು'. ಅಜ್ಜ ಏಕವಚನ, ಬಂದರು ಬಹುವಚನ, ನನ್ನ ಕೋಷ್ಟಕದ ಪ್ರಕಾರ ತಪ್ಪು. ಅಜ್ಜ ಬಂದನು ಅಂತ ಬರೆಯಲು ಯಾವ ಮಗುವಿಗೆ ಹೇಳುತ್ತೀರಿ? ಅಜ್ಜ, ಅಜ್ಜಿ, ಅಪ್ಪ, ಅಮ್ಮ, ತಂದೆ, ತಾಯಿ, ಮಾವ, ಅತ್ತೆ, ಟೀಚರ್ ಇವಕ್ಕೆಲ್ಲ 'ರು' ಕೂಡ ಒಪ್ಪಿಗೆ ಅಂತ ಗುರುತು ಹಾಕಿದೆ. ನಮ್ಮ ಕಡೆಯ ಮಾತಿನ ರೂಪಗಳು ಬೇರೆ. 'ಅವ ನಿನ್ನೆ ಬಂದದ್ದು', 'ನಾವು ಬಸ್ಸಿನಲ್ಲಿ ಹೋದದ್ದು' ಅಂತ ವಾಕ್ಯ ಮುಗಿಸುವುದು ಇಲ್ಲಿ ಸಹಜ. ಮೊದಲು ಸ್ಕ್ರಿಪ್ಟ್ ಇವನ್ನೆಲ್ಲ ಕೆಂಪು ಮಾಡುತ್ತಿತ್ತು. ಈಗ 'ಆಡುಮಾತು' ಅಂತ ಮೂರನೇ ಬಗೆ ಮಾಡಿದ್ದೇನೆ. ಅದಕ್ಕೆ ಬರಹದ ರೂಪ ತೋರಿಸುತ್ತದೆ, ತಪ್ಪಿನ ಲೆಕ್ಕಕ್ಕೆ ಸೇರಿಸುವುದಿಲ್ಲ. 'ಐದನೆಯ' ಮತ್ತು 'ಐದನೇ' ಎರಡನ್ನೂ ಮುಟ್ಟುವುದಿಲ್ಲ. ಈ ವಿಷಯದಲ್ಲಿ ಅಕ್ಕನಿಗೂ ಅವಳ ಜೊತೆಯ ಟೀಚರಿಗೂ ಇವತ್ತಿಗೂ ಒಮ್ಮತ ಇಲ್ಲ, ನಾನು ಯಾಕೆ ನಡುವೆ ಹೋಗಲಿ.

ಏಳನೇ ಭಾನುವಾರ ಲೆಕ್ಕ ಹಾಕಿದೆವು. ಅಕ್ಕ ಮೊದಲೇ ಕೆಂಪು ಶಾಯಿಯಲ್ಲಿ ತಿದ್ದಿಟ್ಟ 60 ವಾಕ್ಯ, ಅದರಲ್ಲಿ ಒಟ್ಟು 54 ತಪ್ಪು. ಮೂರನೇ ವಾರದ ಸ್ಕ್ರಿಪ್ಟ್ ಆ ವಾಕ್ಯಗಳಲ್ಲಿ 83 ಕಡೆ ತಪ್ಪು ಹೇಳಿತ್ತು, ನಿಜವಾದದ್ದು 37. ಈಗಿನದ್ದು 41 ಕಡೆ ಮಾತ್ರ ಹೇಳುತ್ತದೆ, ಅದರಲ್ಲಿ 38 ನಿಜ. 16 ತಪ್ಪು ಬಿಟ್ಟುಹೋಗುತ್ತದೆ. ಸುಳ್ಳು ಹೇಳಿದ ಮೂರರಲ್ಲಿ ಎರಡು ಮಕ್ಕಳ ಹೆಸರು. ಹೆಸರುಗಳನ್ನು ಹಾಜರಿ ಪುಸ್ತಕದಿಂದ ಸೇರಿಸಿದರೆ ಅದು ಮುಗಿಯುತ್ತದೆ.

ಬಿಟ್ಟುಹೋದ ಹದಿನಾರರಲ್ಲಿ ಒಂದು ವಾಕ್ಯ ಇನ್ನೂ ಮೇಜಿನ ಮೇಲಿದೆ: ಅಜ್ಜ ಧನಕ್ಕೆ ಹುಲ್ಲು ಹಾಕಿದರು. ದನ ಧನ ಜೋಡಿ ವಿನಾಯಿತಿ ಪಟ್ಟಿಯಲ್ಲಿದೆ, ಹಾಗಾಗಿ ಸ್ಕ್ರಿಪ್ಟ್ ಕಣ್ಣು ಮುಚ್ಚಿ ದಾಟಿಬಿಡುತ್ತದೆ. ವಾಕ್ಯದಲ್ಲಿ ಹುಲ್ಲು, ಹಟ್ಟಿ, ಸಗಣಿ, ಕರು ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ಕೇಳು ಅಂತ ನಿನ್ನೆ ರಾತ್ರಿ ಒಂದು ಸಾಲು ಸೇರಿಸಿದೆ. ಸರಿರೂಪದ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಅಕ್ಕನಿಗೆ ಮಾತ್ರ ಕಳಿಸುತ್ತದೆ, ಮಗುವಿಗೆ ಅಲ್ಲ:

```
2  ಧನಕ್ಕೆ  ->  ದನಕ್ಕೆ ?   ಕಾಗುಣಿತ
```